ಟ್ಯೂಟರ್ ತಿದ್ದಿದ್ದು ನಾಲಿಗೆಗೂ ಬರಬೇಕಾದರೆ: ಎರರ್ ಲಾಗ್ ಇಡುವ ಕ್ರಮ

ಇಂಗ್ಲಿಷ್ ಮಾತಾಡುವುದನ್ನು ಕಲಿಯಲು ಟ್ಯೂಟರ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ವಿಷಯ. ನೀವು ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎನ್ನುತ್ತೀರಿ. ಟ್ಯೂಟರ್ ‘ಓಕೆ, ಯು ಸೆಂಟ್ ಇಟ್ ಯೆಸ್ಟರ್ಡೇ’ ಎನ್ನುತ್ತಾರೆ. ನೀವು ‘ಯೆಸ್, ಯೆಸ್’ ಎಂದು ಮಾತು ಮುಂದುವರಿಸುತ್ತೀರಿ. ಮುಂದಿನ ವಾರ ಮತ್ತೆ ಅದೇ ವಾಕ್ಯ. ನಿಯಮ ಕೇಳಿದರೆ ನೀವೇ ಹೇಳಬಲ್ಲಿರಿ. ಬಾಯಿ ಮಾತ್ರ ಹಳೆಯದನ್ನೇ ಹೇಳುತ್ತದೆ.

ಇದರಲ್ಲಿ ನಿಮ್ಮ ಶ್ರದ್ಧೆಯ ಕೊರತೆ ಏನೂ ಇಲ್ಲ. ಮಾತಿನ ನಡುವೆ ನಿಮ್ಮ ಗಮನವೆಲ್ಲ ಹೇಳಬೇಕಾದ ವಿಷಯದ ಮೇಲಿರುತ್ತದೆ. ಟ್ಯೂಟರ್ ಸರಿಯಾದ ವಾಕ್ಯ ಹೇಳಿದಾಗ ಅದು ತಿದ್ದುಪಡಿ ಅಂತ ಅನಿಸುವುದೇ ಇಲ್ಲ, ‘ನೀನು ಹೇಳಿದ್ದು ಅರ್ಥವಾಯಿತು’ ಎಂಬ ಒಪ್ಪಿಗೆ ಅನಿಸುತ್ತದೆ. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುವ ಮಕ್ಕಳ ತರಗತಿಗಳಲ್ಲಿ ಶಿಕ್ಷಕರು ತಪ್ಪನ್ನು ಹೇಗೆ ತಿದ್ದುತ್ತಾರೆ, ಮಕ್ಕಳು ಅದಕ್ಕೆ ಏನು ಮಾಡುತ್ತಾರೆ ಎಂದು ಅವರು ನೋಡಿದ್ದರು. ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಬಗೆಯವೇ, ಅಂದರೆ ಮಗುವಿನ ವಾಕ್ಯವನ್ನು ಸರಿಮಾಡಿ ಮತ್ತೆ ಹೇಳುವಂಥವು. ಆದರೆ ಅವುಗಳಲ್ಲಿ ಶೇಕಡಾ 31ಕ್ಕೆ ಮಾತ್ರ ಮಕ್ಕಳು ಏನಾದರೂ ಪ್ರತಿಕ್ರಿಯೆ ಕೊಟ್ಟರು. ಉಳಿದವು ಹಾಗೇ ತೇಲಿಹೋದವು. ಶಿಕ್ಷಕರು ಸರಿ ರೂಪವನ್ನು ತಾವು ಹೇಳದೆ ಮಕ್ಕಳ ಬಾಯಿಂದಲೇ ಹೊರಡಿಸಲು ನೋಡಿದಾಗ ಮಕ್ಕಳು ಪ್ರತಿಸಲವೂ ಏನಾದರೊಂದು ಪ್ರಯತ್ನ ಮಾಡಿದರು. ಪ್ರತಿಕ್ರಿಯೆ ಬಂದ ಮಾತ್ರಕ್ಕೆ ಕಲಿತರು ಅಂತಲ್ಲ. ಆದರೆ ಗಮನಕ್ಕೇ ಬಾರದ ತಿದ್ದುಪಡಿಯಿಂದ ಮುಂದಿನ ಕೆಲಸ ಶುರುವಾಗುವುದು ಕಷ್ಟ.

ಎರರ್ ಲಾಗ್, ಅಂದರೆ ತಪ್ಪಿನ ಪುಸ್ತಕ, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಹೆಚ್ಚಿನವರು ಅದನ್ನು ಸರಿಯಾದ ವಾಕ್ಯಗಳ ಪಟ್ಟಿಯಾಗಿ ಮಾಡಿ, ಪುಟ ತುಂಬಿಸಿ, ಮತ್ತೆ ತೆರೆಯುವುದೇ ಇಲ್ಲ. ನನ್ನ ಪ್ರಕಾರ ಈ ಪುಸ್ತಕದ ಕೆಲಸ ಒಂದೇ: ಮುಂದಿನ ಎರಡು ವಾರ ಯಾವ ಒಂದೆರಡು ತಪ್ಪುಗಳ ಬೆನ್ನು ಹತ್ತಬೇಕು ಎಂದು ತೋರಿಸುವುದು, ಮತ್ತು ಅವು ನಿಜಕ್ಕೂ ಕಡಿಮೆಯಾದವಾ ಎಂದು ಹೇಳುವುದು. ಕೆಳಗಿನ ಕ್ರಮವೆಲ್ಲ ಇದಕ್ಕಾಗಿಯೇ. ಉದಾಹರಣೆಗೆ ಮೇಲಿನ ‘ಹ್ಯಾವ್ ಸೆಂಟ್ ಯೆಸ್ಟರ್ಡೇ’ಯನ್ನೇ ಕೊನೆಯವರೆಗೂ ಹಿಡಿದುಕೊಂಡು ಹೋಗೋಣ.

ಹಂತ 1: ಟ್ಯೂಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ

ಪುಸ್ತಕ ಶುರುವಾಗುವುದು ಕ್ಲಾಸಿಗೆ ಮುಂಚೆ. ‘ಸರ್, ನನ್ನ ತಪ್ಪು ತಿದ್ದಿ’ ಎಂದಷ್ಟೇ ಹೇಳಿದರೆ ಅವರು ಅವರಿಗೆ ತೋಚಿದ್ದನ್ನು, ತೋಚಿದಾಗ ತಿದ್ದುತ್ತಾರೆ. ಮೂರು ವಿಷಯ ಬಿಡಿಸಿ ಕೇಳಿ.

ಮೊದಲನೆಯದು, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಆನ್‌ಲೈನ್ ಕ್ಲಾಸಾದರೆ ಚಾಟ್‌ನಲ್ಲಿ ಟೈಪ್ ಮಾಡಲಿ, ಎದುರು ಕೂತು ಕಲಿಯುವುದಾದರೆ ಒಂದು ಚೀಟಿ ಸಾಕು. ಬಹಳಷ್ಟು ಟ್ಯೂಟರ್‌ಗಳು ಸರಿಯಾದ ರೂಪ ಮಾತ್ರ ಬರೆದುಕೊಡುತ್ತಾರೆ. ಸಂಜೆ ಅದನ್ನು ನೋಡಿದಾಗ ‘ಹೌದು, ಇದು ಗೊತ್ತಲ್ಲ’ ಅನಿಸುತ್ತದೆ. ನೀವು ನಿಜಕ್ಕೂ ಏನು ಹೇಳಿದ್ದಿರಿ ಎಂಬುದು ಆಗಲೇ ಮರೆತುಹೋಗಿರುತ್ತದೆ, ಹಾಗಾಗಿ ತಪ್ಪು ಎಲ್ಲಿ ಆಯಿತು ಅಂತಲೂ ಗೊತ್ತಾಗುವುದಿಲ್ಲ.

ಎರಡನೆಯದು, ಸರಿಯಾದ ವಾಕ್ಯ ತಕ್ಷಣ ಕೊಡಬೇಡಿ. ಒಂದು ಸನ್ನೆ ಮಾಡಿ, ಇಲ್ಲವೇ ತಪ್ಪಾದ ಜಾಗದವರೆಗೆ ವಾಕ್ಯ ಹೇಳಿ ನಿಲ್ಲಿಸಿ: ‘ಯೆಸ್ಟರ್ಡೇ, ಐ...?’ ಐದಾರು ಸೆಕೆಂಡು ಕಾಯಿರಿ. ನನಗೆ ಬರದಿದ್ದರೆ ಆಮೇಲೆ ಹೇಳಿ. ಈ ಐದಾರು ಸೆಕೆಂಡು ತುಂಬ ಮುಖ್ಯ. ನಿಮಗೆ ತಿದ್ದಿಕೊಳ್ಳಲು ಬಂತಾ ಇಲ್ಲವಾ ಅನ್ನುವುದರ ಮೇಲೆಯೇ ಮುಂದಿನ ಹಂತ ನಿಂತಿದೆ.

ಮೂರನೆಯದು, ಕ್ಲಾಸಿನ ಒಂದು ಭಾಗದಲ್ಲಿ ನನ್ನನ್ನು ತಡೆಯಬೇಡಿ. ಹತ್ತು ನಿಮಿಷ ಬಿಡದೆ ಮಾತಾಡುತ್ತೇನೆ, ನೀವು ಸುಮ್ನೆ ಬರೆದುಕೊಳ್ಳಿ, ಕೊನೆಗೆ ಹೇಳಿ. ಪ್ರತಿ ವಾಕ್ಯಕ್ಕೂ ತಡೆದರೆ ಮಾತು ಚಿಕ್ಕದಾಗುತ್ತದೆ, ಸುಲಭವಾದ ವಾಕ್ಯಗಳಷ್ಟೇ ಹೊರಬರುತ್ತವೆ. ಆಗ ನಿಜವಾದ ತಪ್ಪು ಯಾವುದೆಂದು ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಈ ಹತ್ತು ನಿಮಿಷವನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತನ್ನ ದನಿ ತಾನೇ ಕೇಳುವುದು ಯಾರಿಗೂ ಇಷ್ಟವಾಗುವುದಿಲ್ಲ, ಗೊತ್ತು. ಆದರೂ ಮುಂದೆ ಲೆಕ್ಕ ಹಾಕುವಾಗ ಇದು ಬೇಕೇ ಬೇಕು.

ಹಂತ 2: ಅದೇ ದಿನ ವಿಂಗಡಿಸಿ

ಒಂದು ಗಂಟೆಯ ಕ್ಲಾಸಿನಲ್ಲಿ ಇಪ್ಪತ್ತು ತಿದ್ದುಪಡಿ ಬರಬಹುದು. ಎಲ್ಲವನ್ನೂ ಪುಸ್ತಕಕ್ಕೆ ಇಳಿಸಿದರೆ ಪುಸ್ತಕ ಸಾಯುತ್ತದೆ. ನೆನಪು ಹಸಿಯಾಗಿರುವಾಗಲೇ, ಅಂದರೆ ಅದೇ ದಿನ, ಅವುಗಳನ್ನು ಮೂರು ರಾಶಿ ಮಾಡಿ.

ಮೊದಲ ರಾಶಿ, ಬಾಯಿತಪ್ಪು. ಸುಸ್ತಾಗಿದ್ದಿರಿ, ಅವಸರವಿತ್ತು, ಹೇಳಿದ ಕೂಡಲೇ ನಿಮಗೇ ಗೊತ್ತಾಯಿತು. ಇಂಥದ್ದು ಕನ್ನಡದಲ್ಲೂ ಆಗುತ್ತದೆ. ಬಿಟ್ಟುಬಿಡಿ.

ಎರಡನೇ ರಾಶಿ, ಗೊತ್ತು ಆದರೆ ಬರುವುದಿಲ್ಲ. ಟ್ಯೂಟರ್ ಸನ್ನೆ ಮಾಡಿ ಕಾದಾಗ ನೀವೇ ಸರಿಮಾಡಿದಿರಿ. ಆದರೆ ಸನ್ನೆ ಇಲ್ಲದಿದ್ದರೆ ತಪ್ಪೇ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ.

ಮೂರನೇ ರಾಶಿ, ಗೊತ್ತೇ ಇರಲಿಲ್ಲ. ಸನ್ನೆ ಮಾಡಿದರೂ, ಕಾದರೂ ನಿಮಗೆ ಹೊಳೆಯಲಿಲ್ಲ. ಅಥವಾ ಇನ್ನೊಂದು ತಪ್ಪು ರೂಪ ಹೇಳಿದಿರಿ.

ಆಯಾ ಹೊತ್ತಿನ ಎಡವಟ್ಟು ಬೇರೆ, ಕಲಿಯುವವನ ತಲೆಯಲ್ಲೇ ಭಾಷೆಯ ಲೆಕ್ಕಾಚಾರ ತಪ್ಪಾಗಿ ಕೂತಿರುವುದು ಬೇರೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು. ಎರಡಕ್ಕೂ ಒಂದೇ ಮದ್ದು ಕೊಡಬಾರದು ಎಂಬುದು ಅದರಿಂದ ನಾವು ಎತ್ತಿಕೊಳ್ಳಬಹುದಾದ ಕೆಲಸದ ಮಾತು. ಮೂರನೇ ರಾಶಿಯದ್ದಕ್ಕೆ ಮೊದಲು ಪಾಠ ಬೇಕು. ಟ್ಯೂಟರ್ ಹತ್ತಿರ ವಿವರಣೆ ಕೇಳಿ, ನಾಲ್ಕಾರು ಉದಾಹರಣೆ ನೋಡಿ, ಅರ್ಥಮಾಡಿಕೊಳ್ಳಿ. ಅರ್ಥವಾದ ಮೇಲೂ ಬಾಯಲ್ಲಿ ತಪ್ಪು ಬರುತ್ತಿದ್ದರೆ ಆಗ ಅದು ಎರಡನೇ ರಾಶಿಗೆ ಬಂದಂತೆ. ತಪ್ಪಿನ ಪುಸ್ತಕದ ನಿಜವಾದ ಮೇವು ಆ ಎರಡನೇ ರಾಶಿ. ಇನ್ನೊಮ್ಮೆ ನಿಯಮ ಓದಿದರೆ ಅದು ಹೋಗುವುದಿಲ್ಲ. ನಿಯಮ ನಿಮಗೆ ಗೊತ್ತೇ ಇದೆಯಲ್ಲ!

ಒಂದು ಕ್ಲಾಸಿನಿಂದ ಮೂರರಿಂದ ಐದು ದಾಖಲೆ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಹಂತ 3: ಒಂದು ದಾಖಲೆಯಲ್ಲಿ ಏನಿರಬೇಕು

ನೋಟ್‌ಬುಕ್ ಆಗಲಿ, ಫೋನಿನ ಶೀಟ್ ಆಗಲಿ, ನಿಮಗೆ ಕೈಗೆ ಸಿಗುವುದು ಯಾವುದೋ ಅದು. ಒಂದು ದಾಖಲೆ ಹೀಗಿರುತ್ತದೆ:

ಹೇಳಬೇಕಿದ್ದದ್ದು: ನಿನ್ನೆನೇ ಕಳಿಸಿದ್ದೀನಿ.
ಹೇಳಿದ್ದು: ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ.
ಆಗಬೇಕಿದ್ದದ್ದು: ಐ ಸೆಂಟ್ ಇಟ್ ಯೆಸ್ಟರ್ಡೇ.
ಯಾವಾಗ ಬಂತು: ಮುಗಿದ ಕೆಲಸದ ಬಗ್ಗೆ ವರದಿ ಹೇಳುವಾಗ, ದಿನದ ಹೆಸರು ಸೇರಿದಾಗ.
ಯಾಕೆ: ಕನ್ನಡದ ‘ಕಳಿಸಿದ್ದೀನಿ’ಯನ್ನು ‘ಹ್ಯಾವ್ ಸೆಂಟ್’ ಮಾಡಿಕೊಂಡೆ.

ಇದರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಮೊದಲನೇ ಸಾಲು ಮತ್ತು ನಾಲ್ಕನೇ ಸಾಲು. ಕೆಲಸಕ್ಕೆ ಬರುವುದೂ ಅವೇ. ಮೊದಲನೇ ಸಾಲು ಯಾಕೆ ಬೇಕೆಂದರೆ ಮಾತಾಡುವಾಗ ನಿಮ್ಮ ಕಣ್ಣ ಮುಂದೆ ತಪ್ಪು ಇಂಗ್ಲಿಷ್ ವಾಕ್ಯ ಇರುವುದಿಲ್ಲ. ಹೇಳಬೇಕಾದ ಒಂದು ವಿಷಯ ಇರುತ್ತದೆ, ಅಷ್ಟೇ. ಅಲ್ಲಿಂದ ಸರಿಯಾದ ವಾಕ್ಯಕ್ಕೆ ನೇರ ದಾರಿ ಆಗಬೇಕು. ನಾಲ್ಕನೇ ಸಾಲು ಎಚ್ಚರಿಕೆಯ ಗುರುತು. ಈ ತಪ್ಪು ಎಲ್ಲೆಲ್ಲೋ ಬರುವುದಿಲ್ಲ, ಇಂಥ ಸನ್ನಿವೇಶದಲ್ಲೇ ಬರುತ್ತದೆ ಎಂದು ಅದು ಹೇಳುತ್ತದೆ.

‘ಯಾಕೆ’ ಎಂಬ ಸಾಲು ಒಂದೇ ಸಾಲಿರಲಿ. ಕಾರಣ ಗೊತ್ತಾಗದಿದ್ದರೆ ಖಾಲಿ ಬಿಡಿ. ಇಲ್ಲಿ ಮಾತ್ರ ಕಾರಣ ಚೆನ್ನಾಗಿ ಕಾಣುತ್ತದೆ. ಕನ್ನಡದಲ್ಲಿ ‘ಕಳಿಸಿದ್ದೀನಿ’ ಜೊತೆ ‘ನಿನ್ನೆ’ ಸೇರಿಸಿದರೆ ಏನೂ ತೊಂದರೆ ಇಲ್ಲ. ‘ಹೋದ ವಾರನೇ ಹೇಳಿದ್ದೀನಿ’, ‘ಮೊನ್ನೆ ನೋಡಿದ್ದೀನಿ’, ಎಲ್ಲ ಸರಿ. ಇಂಗ್ಲಿಷಿನಲ್ಲಿ ‘ಹ್ಯಾವ್ ಸೆಂಟ್’ ಬಗೆಯ ರೂಪ ಮುಗಿದುಹೋದ, ಹೆಸರಿಟ್ಟು ಹೇಳಿದ ಕಾಲದ ಜೊತೆ ಸೇರುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೊ, ಇನ್ 2019, ಇಂಥದ್ದು ಬಂದರೆ ‘ಹ್ಯಾವ್’ ಹೋಗಬೇಕು. ‘ಆಗಲೇ ಕಳಿಸಿದ್ದೀನಿ’ ಎನ್ನುವಾಗ ‘ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್’ ಸರಿಯೇ. ಅಂದರೆ ನಿಮ್ಮ ಕನ್ನಡ ಅರ್ಧ ಸಲ ನಿಮ್ಮನ್ನು ಸರಿದಾರಿಗೇ ಒಯ್ಯುತ್ತದೆ. ಈ ತಪ್ಪು ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದು ಅದಕ್ಕೇ.

ಹಂತ 4: ಗುಂಪು ಮಾಡಿ, ಒಂದೋ ಎರಡೋ ಆರಿಸಿ

ಮೂರ್ನಾಲ್ಕು ಕ್ಲಾಸ್ ಆದಮೇಲೆ ಪುಸ್ತಕದಲ್ಲಿ ಹತ್ತು ಹದಿನೈದು ದಾಖಲೆ ಇರುತ್ತವೆ. ಕೂತು ಓದಿ. ಬೇರೆ ಬೇರೆ ಕಂಡವು ಒಂದೇ ಬೇರಿನವು ಎಂದು ಗೊತ್ತಾಗುತ್ತದೆ. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’, ‘ಶಿ ಹ್ಯಾಸ್ ಜಾಯಿನ್ಡ್ ಲಾಸ್ಟ್ ಮಂತ್’, ‘ವೆನ್ ಹ್ಯಾವ್ ಯು ಕಮ್?’ ಈ ಮೂರೂ ಒಂದೇ ಗುಂಪು. ‘ವಿ ಡಿಸ್ಕಸ್ಡ್ ಅಬೌಟ್ ದಿ ಪ್ಲ್ಯಾನ್’ ಬೇರೆ ಗುಂಪು. ‘ಡು ಯು ನೋ ವೇರ್ ಈಸ್ ದ ಫೈಲ್?’ ಇನ್ನೊಂದು.

ಈಗ ಆರಿಸಬೇಕು. ಯಾವುದು ಹೆಚ್ಚು ಸಲ ಬರುತ್ತದೆ? ಯಾವುದರಿಂದ ಕೇಳುವವರಿಗೆ ಗೊಂದಲವಾಗುತ್ತದೆ? ಯಾವುದಕ್ಕೆ ಒಂದು ಸಾಲಿನಲ್ಲಿ ಹೇಳಬಹುದಾದ ನಿಯಮ ಇದೆ? ಕೊನೆಯ ಪ್ರಶ್ನೆಯನ್ನು ಜನ ಮರೆಯುತ್ತಾರೆ. ಉದಾಹರಣೆಗೆ ‘ಎ, ಆನ್, ದ’ ತಪ್ಪುಗಳು ಎಲ್ಲರ ಪುಸ್ತಕದಲ್ಲೂ ಮೊದಲ ಸ್ಥಾನದಲ್ಲಿರುತ್ತವೆ. ಆದರೂ ಅದರಿಂದ ಶುರು ಮಾಡಬೇಡಿ. ಅದು ಒಂದು ತಪ್ಪಲ್ಲ, ಹತ್ತಾರು ತಪ್ಪುಗಳ ಮೂಟೆ. ಮಾಡಲೇಬೇಕು ಅಂದರೆ ಒಂದು ತುಂಡು ಕತ್ತರಿಸಿಕೊಳ್ಳಿ. ‘ಕೆಲಸದ ಹೆಸರು ಹೇಳುವಾಗ ಎ ಅಥವಾ ಆನ್: ಐ ಆ್ಯಮ್ ಆನ್ ಇಂಜಿನಿಯರ್’ ಇಷ್ಟು ಸಾಕು.

ಒಂದು ಹೊತ್ತಿಗೆ ಚಾಲ್ತಿಯಲ್ಲಿರುವ ಗುಂಪು ಹೆಚ್ಚೆಂದರೆ ಎರಡು. ಉಳಿದವು ಪುಸ್ತಕದಲ್ಲಿ ಕಾಯುತ್ತಿರಲಿ. ಟ್ಯೂಟರ್‌ಗೂ ಇದನ್ನು ಹೇಳಿ: ‘ಈ ಎರಡು ವಾರ ಇವೆರಡನ್ನು ಬಿಡದೆ ಹಿಡಿಯಿರಿ, ಬೇರೆಯದ್ದು ಅರ್ಥವೇ ಕೆಟ್ಟರೆ ಮಾತ್ರ ಹೇಳಿ.’ ಕೆಲವು ಟ್ಯೂಟರ್‌ಗಳಿಗೆ ಇದು ಕಷ್ಟ. ಕಿವಿಗೆ ಬಿದ್ದ ತಪ್ಪನ್ನು ಬಿಟ್ಟುಬಿಡುವುದು ಕೆಲಸ ಕದ್ದ ಹಾಗೆ ಅನಿಸುತ್ತದೆ ಅವರಿಗೆ. ಎರಡು ವಾರದ ಪ್ರಯೋಗ ಅಂತ ಹೇಳಿ ನೋಡಿ, ಒಪ್ಪುತ್ತಾರೆ.

ಹಂತ 5: ಬಾಯಿಗೆ ರೂಢಿ ಮಾಡಿಸುವುದು

ಈಗ ‘ಯೆಸ್ಟರ್ಡೇ’ ಗುಂಪು ಚಾಲ್ತಿಯಲ್ಲಿದೆ ಅಂದುಕೊಳ್ಳಿ. ಕಲಿಯುತ್ತಿರುವವರು ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ವಾರಕ್ಕೆ ಎರಡು ಕ್ಲಾಸ್. ಆಕೆ ಏನು ಮಾಡಬೇಕು?

ಮೊದಲು ಎಂಟು ಹತ್ತು ಕಾರ್ಡು. ಮುಂದೆ ಕನ್ನಡ, ಹಿಂದೆ ಇಂಗ್ಲಿಷ್. ತಪ್ಪು ವಾಕ್ಯ ಕಾರ್ಡಿನ ಮೇಲೆ ಎಲ್ಲೂ ಬೇಡ. ಅದು ಪುಸ್ತಕದಲ್ಲಿದೆ, ಅಲ್ಲೇ ಇರಲಿ. ದಿನಾ ತಪ್ಪನ್ನೇ ಓದಿಕೊಂಡು ಕೂತರೆ ಕಿವಿಗೆ ಅದೂ ಪರಿಚಯದ್ದೇ ಆಗಿಬಿಡುತ್ತದೆ.

ಕಾರ್ಡುಗಳು ಜೋಡಿಯಾಗಿರಲಿ. ಇದು ಮುಖ್ಯ. ‘ನಿನ್ನೆನೇ ಕಳಿಸಿದ್ದೀನಿ’ ಎಂಬುದರ ಜೊತೆಗೆ ‘ಆಗಲೇ ಕಳಿಸಿದ್ದೀನಿ’. ಮೊದಲನೆಯದಕ್ಕೆ ‘ಐ ಸೆಂಟ್ ಇಟ್ ಯೆಸ್ಟರ್ಡೇ’, ಎರಡನೆಯದಕ್ಕೆ ‘ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್’. ‘ಹೋದ ವಾರ ಅವರನ್ನ ಭೇಟಿ ಮಾಡಿದ್ದೀನಿ’ ಜೊತೆಗೆ ಬರಿ ‘ಅವರನ್ನ ಭೇಟಿ ಮಾಡಿದ್ದೀನಿ’. ಒಂದಕ್ಕೆ ‘ಐ ಮೆಟ್ ಹಿಮ್ ಲಾಸ್ಟ್ ವೀಕ್’, ಇನ್ನೊಂದಕ್ಕೆ ‘ಐ ಹ್ಯಾವ್ ಮೆಟ್ ಹಿಮ್’. ಒಂದೇ ಬಗೆಯ ಕಾರ್ಡುಗಳನ್ನಷ್ಟೇ ಇಟ್ಟರೆ ಎರಡನೇ ದಿನಕ್ಕೆ ಆಕೆ ಯೋಚಿಸುವುದನ್ನು ಬಿಟ್ಟು ಎಲ್ಲದಕ್ಕೂ ‘ಹ್ಯಾವ್’ ಕಿತ್ತುಹಾಕುತ್ತಾಳೆ. ಜೋಡಿ ಇದ್ದರೆ ಪ್ರತಿಸಲವೂ ‘ಇಲ್ಲಿ ದಿನದ ಹೆಸರು ಇದೆಯಾ?’ ಎಂದು ನೋಡಬೇಕಾಗುತ್ತದೆ. ಆಕೆ ರೂಢಿಸಿಕೊಳ್ಳಬೇಕಾದ್ದು ಆ ನೋಟವನ್ನೇ.

ಕಾರ್ಡಿನ ವಾಕ್ಯಗಳು ಆಕೆಯ ಕೆಲಸದಿಂದಲೇ ಬರಲಿ. ವ್ಯಾಕರಣ ಪುಸ್ತಕದ ವಾಕ್ಯ ಆಕೆ ಎಂದೂ ಹೇಳುವುದಿಲ್ಲ. ‘ರಿಪೋರ್ಟ್ ಸೋಮವಾರನೇ ಕೊಟ್ಟಿದ್ದೀನಿ’ ಅನ್ನುವುದನ್ನು ನಾಳೆಯೇ ಹೇಳಬೇಕಾಗಬಹುದು.

ಉತ್ತರವನ್ನು ಜೋರಾಗಿ ಹೇಳಬೇಕು, ಮನಸ್ಸಿನಲ್ಲಿ ಅಲ್ಲ. ಹೇಳಿ, ಆಮೇಲೆ ತಿರುಗಿಸಿ ನೋಡಬೇಕು. ಮೊದಲೇ ತಿರುಗಿಸಿ ಓದಿದರೆ ಏನೂ ಆಗುವುದಿಲ್ಲ. ಒಂದು ಸುತ್ತಿಗೆ ಐದು ನಿಮಿಷ ಸಾಕು. ಕ್ಲಾಸಿನ ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಒಂದೇ ಸಂಜೆ ಅರ್ಧ ಗಂಟೆ ತಿಕ್ಕುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ಮಾಡುವುದು ಜಾಸ್ತಿ ಉಳಿಯುತ್ತದೆ.

ಕಾರ್ಡು ಸರಾಗವಾಯಿತು ಎಂದರೆ ಅರ್ಧ ದಾರಿ ಬಂದ ಹಾಗೆ. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ. ಕಾರ್ಡು ನೋಡುವಾಗ ಆಕೆಗೆ ಏನು ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಿರುತ್ತದೆ. ಮೀಟಿಂಗಿನಲ್ಲಿ ಗೊತ್ತಿರುವುದಿಲ್ಲ. ಆದ್ದರಿಂದ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ಮುಂದಿನ ಮೆಟ್ಟಿಲು, ಒಬ್ಬಳೇ ಕೂತು ಒಂದು ನಿಮಿಷ ಮಾತು. ವಿಷಯ: ನಿನ್ನೆ ಆಫೀಸಿನಲ್ಲಿ ಏನು ಮಾಡಿದೆ, ಏನು ಬಾಕಿ ಇದೆ. ಈ ವಿಷಯದಲ್ಲಿ ಎರಡೂ ರೂಪ ತಾವಾಗಿಯೇ ಬೇಕಾಗುತ್ತವೆ. ರೆಕಾರ್ಡ್ ಮಾಡಿ ಕೇಳಬೇಕು, ಮತ್ತೆ ಅದನ್ನೇ ಮಾತಾಡಬೇಕು. ಎರಡನೇ ಸಲ ವಿಷಯ ಹುಡುಕುವ ಕಷ್ಟ ಇರುವುದಿಲ್ಲ, ಗಮನ ರೂಪದ ಕಡೆಗೆ ಹೋಗಲು ಜಾಗ ಸಿಗುತ್ತದೆ.

ಆಮೇಲಿನ ಮೆಟ್ಟಿಲು ಕ್ಲಾಸಿನಲ್ಲಿ. ಟ್ಯೂಟರ್ ಹತ್ತು ಪ್ರಶ್ನೆ ಕೇಳುತ್ತಾರೆ. ‘ಹ್ಯಾವ್ ಯು ಫಿನಿಶ್ಡ್ ದ ರಿಪೋರ್ಟ್?’ ಆಕೆ ‘ಯೆಸ್, ಐ ಹ್ಯಾವ್’ ಎನ್ನುತ್ತಾಳೆ. ‘ವೆನ್?’ ‘ಐ ಫಿನಿಶ್ಡ್ ಇಟ್ ಆನ್ ಮಂಡೇ.’ ಈ ಎರಡು ಪ್ರಶ್ನೆಗಳ ಜೋಡಿ ತುಂಬ ಒಳ್ಳೆಯ ವ್ಯಾಯಾಮ. ಪ್ರಶ್ನೆಯಲ್ಲಿ ‘ಹ್ಯಾವ್’ ಇದ್ದದ್ದು ನಾಲಿಗೆಯನ್ನು ಎಳೆಯುತ್ತದೆ, ‘ಮಂಡೇ’ ಬಂದ ಕೂಡಲೇ ಅದರಿಂದ ಬಿಡಿಸಿಕೊಳ್ಳಬೇಕು. ನಿಜವಾದ ಮಾತುಕತೆಯಲ್ಲಿ ಆಕೆ ಎಡವುವುದೂ ಇದೇ ಜಾಗದಲ್ಲಿ.

ಕೊನೆಯ ಮೆಟ್ಟಿಲು ಆ ಹತ್ತು ನಿಮಿಷದ ಬಿಡುಮಾತು. ಯಾರೂ ತಡೆಯುವುದಿಲ್ಲ. ಯಾವ ತಪ್ಪಿನ ಮೇಲೆ ಕಣ್ಣಿದೆ ಎಂದು ಯಾರೂ ಹೇಳುವುದಿಲ್ಲ. ಟ್ಯೂಟರ್ ಬರೀ ಗುರುತು ಹಾಕುತ್ತಾರೆ.

ಹಂತ 6: ಎಣಿಸುವುದು

ಇಲ್ಲಿ ಒಂದು ಬಲೆ ಇದೆ. ‘ಹೋದ ವಾರ ಆರು ತಪ್ಪು, ಈ ವಾರ ಎರಡೇ’ ಎಂದು ಎಣಿಸಿದರೆ ಸಂತೋಷವಾಗುತ್ತದೆ. ಆದರೆ ಈ ವಾರ ಆಕೆ ನಿನ್ನೆಯ ವಿಷಯವನ್ನು ಎರಡೇ ಸಲ ಎತ್ತಿದ್ದರೆ? ಎರಡಕ್ಕೆ ಎರಡೂ ತಪ್ಪು. ಹಾಗಾಗಿ ತಪ್ಪನ್ನು ಮಾತ್ರ ಎಣಿಸಬಾರದು, ಅವಕಾಶವನ್ನು ಎಣಿಸಬೇಕು. ರೆಕಾರ್ಡಿಂಗ್ ಹಾಕಿ, ಮುಗಿದ ಕಾಲದ ಹೆಸರು ಬಂದ ಪ್ರತಿ ವಾಕ್ಯಕ್ಕೂ ಒಂದು ಗೆರೆ ಎಳೆಯಿರಿ. ಪ್ರತಿ ಗೆರೆಯೂ ಮೂರರಲ್ಲಿ ಒಂದು ಖಾನೆಗೆ ಹೋಗುತ್ತದೆ: ಸರಿ, ತಾನೇ ತಿದ್ದಿಕೊಂಡದ್ದು, ತಪ್ಪು.

ನಮ್ಮ ಉದಾಹರಣೆಯಲ್ಲಿ ಲೆಕ್ಕ ಹೀಗೆ ಬಂದಿತು ಎಂದುಕೊಳ್ಳಿ. ಶುರುವಿನಲ್ಲಿ 9 ಅವಕಾಶ: 2 ಸರಿ, 1 ತಿದ್ದಿಕೊಂಡದ್ದು, 6 ತಪ್ಪು. ಎರಡು ವಾರದ ನಂತರ 10 ಅವಕಾಶ: 4 ಸರಿ, 3 ತಿದ್ದಿಕೊಂಡದ್ದು, 3 ತಪ್ಪು. ಇದು ಒಳ್ಳೆಯ ಸುದ್ದಿ. ಒಳ್ಳೆಯದು ಅನ್ನುವುದಕ್ಕೆ ಮುಖ್ಯ ಕಾರಣ ನಡುವಿನ ಖಾನೆ. ‘ಐ ಹ್ಯಾವ್ ಸೆಂಟ್... ಐ ಸೆಂಟ್ ಇಟ್ ಆನ್ ಮಂಡೇ’ ಎಂದು ಎಡವಿ ಏಳುವುದು ಬೆಳೆಯುತ್ತಿದೆ. ಸಾಮಾನ್ಯವಾಗಿ ತಪ್ಪು ಹೋಗುವುದು ಹೀಗೆಯೇ. ಮೊದಲು ವಾಕ್ಯ ಮುಗಿದ ಮೇಲೆ ಗೊತ್ತಾಗುತ್ತದೆ, ಆಮೇಲೆ ವಾಕ್ಯದ ನಡುವೆ, ಆಮೇಲೆ ಬಾಯಿ ತೆರೆಯುವ ಮುಂಚೆ. ಈ ನಡುಗಾಲದಲ್ಲಿ ಮಾತು ತೊದಲುತ್ತದೆ. ‘ಮುಂಚೆ ಸರಾಗವಾಗಿ ಮಾತಾಡ್ತಿದ್ದೆ, ಈಗ ತಡೆ ತಡೆದು ಬರ್ತಿದೆ’ ಎಂದು ಆಕೆಗೆ ಬೇಸರವಾಗಬಹುದು. ಟ್ಯೂಟರ್ ಈ ಖಾನೆ ತೋರಿಸಿದರೆ ಬೇಸರ ಸ್ವಲ್ಪ ಕಡಿಮೆಯಾಗುತ್ತದೆ.

ಅವಕಾಶದ ಸಂಖ್ಯೆಯೇ ಇಳಿಯುತ್ತಾ ಬಂದರೆ ಅನುಮಾನಪಡಿ. 9, 6, 3 ಎಂದು ಹೋಗುತ್ತಿದ್ದರೆ ಆಕೆ ತಪ್ಪನ್ನು ಗೆದ್ದಿಲ್ಲ, ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದಾಳೆ. ದಿನದ ಹೆಸರು ಹೇಳದೆ ‘ಇಟ್ ಈಸ್ ಡನ್’ ಎಂದು ಮುಗಿಸುತ್ತಿರಬಹುದು. ಆಗ ಟ್ಯೂಟರ್ ಬಿಡುಮಾತಿನ ವಿಷಯವನ್ನೇ ಹಾಗೆ ಆರಿಸಬೇಕು: ಹೋದ ವಾರದ ಕೆಲಸವನ್ನು ದಿನದಿನವೂ ಹೇಳು, ಅಂತ.

ಇನ್ನೊಂದು ಕಡೆಗೂ ಕಣ್ಣಿಡಿ. ‘ಹ್ಯಾವ್’ ಬೇಕಾದ ಜಾಗದಲ್ಲೂ ಹೋಗುತ್ತಿದೆಯಾ? ‘ಐ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದು ಆಕೆ, ಇನ್ನೂ ಅಲ್ಲೇ ಇರುವವಳು, ಹೇಳಿದರೆ ಕೇಳುವವರಿಗೆ ಮನೆ ಬದಲಾಯಿಸಿದಂತೆ ಕೇಳುತ್ತದೆ. ಒಂದು ತಪ್ಪಿನ ಮೇಲೆ ಜೋರಾಗಿ ಬಿದ್ದಾಗ ಪಕ್ಕದ ಸರಿಯಾದ ರೂಪಕ್ಕೂ ಏಟು ಬೀಳುವುದು ಸಾಮಾನ್ಯ. ಹಾಗಾದರೆ ಜೋಡಿ ಕಾರ್ಡುಗಳಲ್ಲಿ ‘ಹ್ಯಾವ್’ ಇರುವವನ್ನು ಹೆಚ್ಚಿಸಿ.

ಹಂತ 7: ಯಾವಾಗ ಮುಚ್ಚುವುದು

ಸತತ ಮೂರು ಕ್ಲಾಸುಗಳ ಬಿಡುಮಾತಿನಲ್ಲಿ, ಪ್ರತಿಸಲ ಕನಿಷ್ಠ ಐದು ಅವಕಾಶ ಇದ್ದು, ತಪ್ಪಿನ ಖಾನೆ ಸೊನ್ನೆಯೋ ಒಂದೋ ಆದರೆ ಆ ಗುಂಪನ್ನು ಮುಚ್ಚಿ. ಇದು ನಾನು ಹಾಕಿಕೊಂಡ ಗೆರೆ, ನೀವು ಸ್ವಲ್ಪ ಆಚೀಚೆ ಮಾಡಬಹುದು. ಆದರೆ ಮುಂಚಿತವಾಗಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಒಳ್ಳೆಯ ದಿನ ನೋಡಿ ಮುಚ್ಚಿಬಿಡುತ್ತೀರಿ. ಮುಚ್ಚಿದ ಪುಟದ ಮೇಲೆ ಒಂದು ತಿಂಗಳ ನಂತರದ ತಾರೀಕು ಬರೆದಿಡಿ. ಆ ದಿನ ಕಾರ್ಡು ನೋಡದೆ, ಟ್ಯೂಟರ್ ಹೇಳದೆ, ಒಂದು ಹೊಸ ರೆಕಾರ್ಡಿಂಗ್ ಕೇಳಿ ಎಣಿಸಿ. ತಪ್ಪು ವಾಪಸ್ ಬಂದಿದ್ದರೆ ಪುಟ ಮತ್ತೆ ತೆರೆಯುತ್ತದೆ. ಎರಡನೇ ಸಲ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಕೆಟ್ಟುಹೋಗುವ ಜಾಗಗಳು

ಟ್ಯೂಟರ್ ತಿದ್ದಿದ್ದೆಲ್ಲ ತಪ್ಪಾಗಿರಬೇಕಿಲ್ಲ. ಕೆಲವು ಅವರ ರುಚಿ. ‘ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ’ ಎನ್ನುವುದೂ ‘ಇದು ತಪ್ಪು’ ಎನ್ನುವುದೂ ಒಂದೇ ಅಲ್ಲ. ಕೇಳಿ ನೋಡಿ: ನಾನು ಹೇಳಿದ್ದು ತಪ್ಪಾ, ಅಥವಾ ಇದು ಇನ್ನೂ ಚೆನ್ನಾಗಿದೆಯಾ? ಎರಡನೆಯದಾದರೆ ಅದು ಪುಸ್ತಕಕ್ಕೆ ಬರುವುದು ಬೇಡ, ಬೇರೆ ಕಡೆ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲೇ ನೋಡಿ, ಅಮೆರಿಕದವರ ಮಾತಿನಲ್ಲಿ ‘ಐ ಆಲ್ರೆಡಿ ಸೆಂಟ್ ಇಟ್’ ತುಂಬ ಸಹಜ. ಬ್ರಿಟಿಷ್ ರೂಢಿಯ ಟ್ಯೂಟರ್ ಅದಕ್ಕೆ ‘ಹ್ಯಾವ್’ ಸೇರಿಸಬಹುದು. ಟ್ಯೂಟರ್ ಬದಲಾದಾಗ ಇಂಥ ದಾಖಲೆಗಳು ಒಂದಕ್ಕೊಂದು ಹೊಡೆದಾಡುತ್ತವೆ. ಯಾವ ರೂಢಿ ಹಿಡಿಯುತ್ತೀರಿ ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ ಗೋಜಿರುವುದಿಲ್ಲ. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ಯನ್ನು ಮಾತ್ರ ಎರಡೂ ಕಡೆಯ ಟ್ಯೂಟರ್‌ಗಳು ತಿದ್ದುತ್ತಾರೆ.

ಇನ್ನೊಂದು, ಪುಸ್ತಕವನ್ನು ತಲೆಯಲ್ಲಿಟ್ಟುಕೊಂಡು ಮೀಟಿಂಗಿಗೆ ಹೋಗುವುದು. ಹಾಗೆ ಮಾಡಿದರೆ ವಾಕ್ಯ ವಾಕ್ಯಕ್ಕೂ ನಿಂತು ಯೋಚಿಸುತ್ತೀರಿ, ಎದುರಿನವರು ಕಾಯುತ್ತಾರೆ, ಹೇಳಬೇಕಾದ್ದು ತಪ್ಪಿಹೋಗುತ್ತದೆ. ತಿದ್ದಿಕೊಳ್ಳುವ ಕೆಲಸ ಕಾರ್ಡಿನ ಐದು ನಿಮಿಷಕ್ಕೂ ಕ್ಲಾಸಿಗೂ ಸೀಮಿತವಾಗಿರಲಿ. ಮೀಟಿಂಗಿನಲ್ಲಿ ವಿಷಯ ಮುಟ್ಟಿಸಿ ಬನ್ನಿ, ತಪ್ಪಾದರೆ ಆಗಲಿ. ಮುಖ್ಯವಾದ ಮೀಟಿಂಗಿಗೆ ಮುಂಚೆ ಖಂಡಿತ ಹೇಳಲೇಬೇಕಾದ ಎರಡು ಮೂರು ವಾಕ್ಯಗಳನ್ನು ಜೋರಾಗಿ ಹೇಳಿಕೊಂಡು ಹೋದರೆ ಅಷ್ಟೇ ಸಾಕು.

ಪುಸ್ತಕದ ಅಂದಚಂದಕ್ಕೆ ಬೀಳಬೇಡಿ. ಬಣ್ಣ, ಕೋಡ್, ಹನ್ನೆರಡು ಕಾಲಂ ಇರುವ ಶೀಟ್ ಮಾಡಲು ಒಂದು ಭಾನುವಾರ ಹೋಗುತ್ತದೆ. ದಾಖಲೆ ಮಾಡಲು ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿದ್ದರೆ ಕಾಲಂ ಕಡಿಮೆ ಮಾಡಿ.

ಇನ್ನು, ಆರು ವಾರ ಆದರೂ ಅಲ್ಲಾಡದ ತಪ್ಪು. ಕಾರ್ಡು ಸರಿ, ಒಬ್ಬರೇ ಮಾತಾಡಿದರೆ ಸರಿ, ಬಿಡುಮಾತಿನಲ್ಲಿ ಮಾತ್ರ ಅದೇ ಲೆಕ್ಕ. ಆಗ ಅದೇ ಮದ್ದನ್ನು ಎರಡರಷ್ಟು ಕುಡಿಯಬೇಡಿ. ಮೊದಲು ದಾಖಲೆಗಳ ನಾಲ್ಕನೇ ಸಾಲುಗಳನ್ನು ಒಟ್ಟಿಗೆ ಓದಿ. ತಪ್ಪು ಯಾವುದೋ ಒಂದು ಮೂಲೆಯಲ್ಲೇ ಸೇರಿಕೊಂಡಿರಬಹುದು. ನಮ್ಮ ಉದಾಹರಣೆಯಲ್ಲಿ, ಆಕೆ ಹೇಳಿಕೆಗಳಲ್ಲಿ ತಪ್ಪುವುದೇ ಇಲ್ಲ, ‘ಯಾವಾಗ’ ಎಂದು ಪ್ರಶ್ನೆ ಕೇಳುವಾಗ ಮಾತ್ರ ‘ವೆನ್ ಹ್ಯಾವ್ ಯು ಸೆಂಟ್ ಇಟ್?’ ಎನ್ನುತ್ತಾಳೆ ಎಂದು ಕಾಣಬಹುದು. ಹಾಗಿದ್ದರೆ ಇಡೀ ಗುಂಪನ್ನು ಬಿಟ್ಟು ಆ ಮೂಲೆಗೆ ಮಾತ್ರ ಹೊಸ ಪುಟ ತೆರೆಯಿರಿ. ಅಲ್ಲಿ ನಿಯಮವೂ ಬೇಡ. ‘ವೆನ್ ಡಿಡ್ ಯು’ ಎಂಬ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಬರುವ ಹಾಗೆ ಮಾಡಿಕೊಂಡು, ಅದರ ಮುಂದೆ ಸೆಂಡ್, ಕಮ್, ಜಾಯಿನ್, ಫಿನಿಶ್ ಎಂದು ಬದಲಾಯಿಸುತ್ತಾ ಹೋಗಲಿ. ಮುಂದಿನ ಕ್ಲಾಸಿನಲ್ಲಿ ಪಾತ್ರ ಬದಲಾಯಿಸಿ: ಹತ್ತು ನಿಮಿಷ ಆಕೆ ಪ್ರಶ್ನೆ ಕೇಳಲಿ, ಟ್ಯೂಟರ್ ಉತ್ತರ ಹೇಳಲಿ, ‘ವೆನ್’ ಬಂದಾಗಲೆಲ್ಲ ಒಂದು ಗೆರೆ ಬೀಳಲಿ.